ಚೀನಾದಿಂದ ಯಂತ್ರ, ಹಾಸನದಿಂದ ಎಲ್‌ಸಿ: ಸಣ್ಣ ಆಮದುದಾರರು ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನ, ಚಿಕ್ಕಮಗಳೂರು ಕಡೆ ಹೊರದೇಶದಿಂದ ಮೊದಲ ಸಲ ಏನಾದರೂ ತರಿಸುವವರು ಹೆಚ್ಚಾಗಿ ಕಾಫಿಗೆ ಸಂಬಂಧಪಟ್ಟ ಯಂತ್ರವನ್ನೇ ತರಿಸುತ್ತಾರೆ. ರೋಸ್ಟರ್, ಪಲ್ಪರ್, ಕಲರ್ ಸಾರ್ಟರ್, ಹೀಗೆ. ಹಾಗಾಗಿ ಇಲ್ಲಿ ಒಂದೇ ಉದಾಹರಣೆ ಹಿಡಿದುಕೊಂಡು ಹೋಗುತ್ತೇನೆ. ಹಾಸನದ ಹತ್ತಿರ ಒಂದು ಸಣ್ಣ ಕ್ಯೂರಿಂಗ್ ವರ್ಕ್ಸ್ ಇದೆ ಅಂದುಕೊಳ್ಳಿ. ಮಾಲೀಕರು ಕಪ್ಪು ಬೀಜ, ಕಂದು ಬೀಜ ಬೇರೆ ಮಾಡಲು ಚೀನಾದ ಹೆಫೆಯ್ ನಗರದಿಂದ ಒಂದು ಕಲರ್ ಸಾರ್ಟರ್ ತರಿಸುತ್ತಿದ್ದಾರೆ. ಬೆಲೆ 30,000 ಡಾಲರ್, ಶಾಂಘೈ ಬಂದರಿನಲ್ಲಿ ಹಡಗಿಗೆ ಏರಿಸುವವರೆಗೆ, ಅಂದರೆ ಎಫ್‌ಒಬಿ. ಲೆಕ್ಕ ಸುಲಭ ಆಗಲಿ ಅಂತ ಡಾಲರ್‌ಗೆ 90 ರೂಪಾಯಿ ಇಟ್ಟುಕೊಂಡಿದ್ದೇನೆ. ಒಟ್ಟು 27 ಲಕ್ಷ.

ಎಲ್‌ಸಿ ಅಂದರೆ ಏನು?

ಲೆಟರ್ ಆಫ್ ಕ್ರೆಡಿಟ್ ಅಂದರೆ ನಿಮ್ಮ ಬ್ಯಾಂಕು ಮಾರುವವನಿಗೆ ಬರೆದುಕೊಡುವ ಮಾತು. "ನೀನು ಇಂತಿಂಥ ಕಾಗದಪತ್ರಗಳನ್ನು ಇಂಥ ದಿನದೊಳಗೆ ಸರಿಯಾಗಿ ತಂದುಕೊಟ್ಟರೆ ದುಡ್ಡು ನಾನು ಕೊಡುತ್ತೇನೆ" ಅನ್ನುವ ಮಾತು. ಕೊಡುವುದು ನೀವಲ್ಲ, ಬ್ಯಾಂಕು. ನೀವು ಆಮೇಲೆ ಬ್ಯಾಂಕಿಗೆ ಕೊಡುತ್ತೀರಿ. ಜಮೀನು ವ್ಯಾಪಾರದಲ್ಲಿ ಎರಡೂ ಕಡೆಯವರು ನಂಬುವ ಹಿರಿಯರೊಬ್ಬರ ಕೈಯಲ್ಲಿ ದುಡ್ಡು ಇಟ್ಟು, ಪತ್ರ ಸರಿಯಾಗಿ ಬಂದ ಮೇಲೆ ಬಿಡುಗಡೆ ಮಾಡಿಸುವ ಹಾಗೆ ಇದು.

ಪ್ರಪಂಚದ ಬಹುತೇಕ ಎಲ್‌ಸಿಗಳು ಯುಸಿಪಿ 600 ಅನ್ನುವ ಒಂದೇ ನಿಯಮಾವಳಿಯ ಮೇಲೆ ನಡೆಯುತ್ತವೆ. ಇಂಟರ್‌ನ್ಯಾಷನಲ್ ಚೇಂಬರ್ ಆಫ್ ಕಾಮರ್ಸ್ ಮಾಡಿದ ಈ ನಿಯಮಗಳು 2007ರ ಜುಲೈ 1ರಿಂದ ಜಾರಿಯಲ್ಲಿವೆ. ಒಟ್ಟು 39 ಕಲಮುಗಳು. ಅದರಲ್ಲಿ ಐದನೆಯದನ್ನು ಮಾತ್ರ ಯಾವತ್ತೂ ಮರೆಯಬೇಡಿ. ಬ್ಯಾಂಕು ವ್ಯವಹಾರ ಮಾಡುವುದು ಕಾಗದಪತ್ರದ ಜೊತೆ, ಸರಕಿನ ಜೊತೆ ಅಲ್ಲ ಅಂತ ಅದು ಹೇಳುತ್ತದೆ. ಮುಂದಿನ ಉತ್ತರಗಳೆಲ್ಲ ಈ ಒಂದು ಮಾತಿನಿಂದಲೇ ಹುಟ್ಟುತ್ತವೆ.

ಅಡ್ವಾನ್ಸ್ ಕಳಿಸಿದರೆ ಸಾಲದಾ? ಎಲ್ಲರೂ 30 ಪರ್ಸೆಂಟ್ ಮೊದಲು, 70 ಪರ್ಸೆಂಟ್ ಆಮೇಲೆ ಅಂತಾರಲ್ಲ?

ಮೂರು ನಾಲ್ಕು ಸಾವಿರ ಡಾಲರಿನ ಸರಕಿಗೆ ಎಲ್‌ಸಿ ಬೇಡ. ಬ್ಯಾಂಕಿನ ಕನಿಷ್ಠ ಶುಲ್ಕಗಳೇ ಮೈಮೇಲೆ ಬರುತ್ತವೆ. ಮಾರುವವನಿಗೂ ಅಷ್ಟು ಸಣ್ಣ ಮೊತ್ತಕ್ಕೆ ಅಷ್ಟೊಂದು ಕಾಗದ ಮಾಡಲು ಮನಸ್ಸಿರುವುದಿಲ್ಲ.

ಆದರೆ 27 ಲಕ್ಷದ ಯಂತ್ರಕ್ಕೆ 30 ಪರ್ಸೆಂಟ್ ಅಂದರೆ 8 ಲಕ್ಷದ ಮೇಲಾಯಿತು. ಅದನ್ನು ನೀವು ನೋಡದ ಕಂಪನಿಗೆ ಬರೀ ನಂಬಿಕೆಯ ಮೇಲೆ ಕಳಿಸುತ್ತೀರಿ. ಉಳಿದ 70 ಪರ್ಸೆಂಟನ್ನೂ ಸಾಮಾನ್ಯವಾಗಿ ಯಂತ್ರ ಹಡಗು ಹತ್ತುವ ಮೊದಲೇ ಕೇಳುತ್ತಾರೆ. ಅಂದರೆ ನಿಮ್ಮ ಕೈಯಲ್ಲಿ ಒಂದು ಕಾಗದವೂ ಇಲ್ಲದೆ ಪೂರ್ತಿ ದುಡ್ಡು ಹೋಗಿರುತ್ತದೆ. ಮೊದಲ ಸಲದ ವ್ಯಾಪಾರ, 15–20 ಸಾವಿರ ಡಾಲರ್ ದಾಟಿದ ಮೊತ್ತ ಅಂದಾಗ ಎಲ್‌ಸಿ ಕೇಳಿ ಅನ್ನುವುದು ನನ್ನ ಅಭಿಪ್ರಾಯ. ಅವನು ಅಡ್ವಾನ್ಸ್ ಬೇಕೇ ಬೇಕು ಅಂದರೆ 10 ಪರ್ಸೆಂಟ್ ಕಳಿಸಿ, ಉಳಿದ 90ಕ್ಕೆ ಎಲ್‌ಸಿ ಮಾಡುವ ದಾರಿಯೂ ಇದೆ.

ಮಾರುವವನಿಗೆ ಇದರಿಂದ ಏನು ರಕ್ಷಣೆ?

ದೊಡ್ಡ ರಕ್ಷಣೆ. ಯುಸಿಪಿ 600 ಪ್ರಕಾರ ಎಲ್‌ಸಿ ಒಮ್ಮೆ ಹೊರಟರೆ ನೀವೊಬ್ಬರೇ ರದ್ದು ಮಾಡಲು ಬರುವುದಿಲ್ಲ, ಒಂದು ಅಕ್ಷರ ತಿದ್ದಲೂ ಬರುವುದಿಲ್ಲ. ಮಾರುವವನು ಒಪ್ಪಬೇಕು. ಕಾಫಿ ರೇಟು ಬಿತ್ತು, ಈ ವರ್ಷ ಯಂತ್ರ ಬೇಡ ಅಂತ ನಿಮಗೆ ಅನಿಸಿದರೂ ಅವನಿಗೆ ಚಿಂತೆಯಿಲ್ಲ. ನಿಮ್ಮ ಖಾತೆಯಲ್ಲಿ ದುಡ್ಡಿಲ್ಲದಿದ್ದರೂ ಚಿಂತೆಯಿಲ್ಲ. ಕಾಗದ ಸರಿ ಇದ್ದರೆ ನಿಮ್ಮ ಬ್ಯಾಂಕು ಕೊಡಲೇಬೇಕು.

ಅವನಿಗೆ ಉಳಿಯುವ ಅನುಮಾನ ಒಂದೇ, ನಿಮ್ಮ ಬ್ಯಾಂಕಿನದು. ಬ್ಯಾಂಕಿನ ಹೆಸರು ಅವನಿಗೆ ಗೊತ್ತಿಲ್ಲದಿದ್ದರೆ ಅವನ ದೇಶದ ಬ್ಯಾಂಕೊಂದು "ನಾನೂ ಹೊಣೆ" ಅಂತ ಸೇರಬೇಕು ಎಂದು ಕೇಳಬಹುದು. ಇದಕ್ಕೆ ಕನ್ಫರ್ಮೇಶನ್ ಅನ್ನುತ್ತಾರೆ. ಅದರ ಖರ್ಚು ಬೇರೆ. ನಮ್ಮ ದೊಡ್ಡ ಬ್ಯಾಂಕುಗಳ ಎಲ್‌ಸಿಗೆ ಸಣ್ಣ ಯಂತ್ರದ ವ್ಯಾಪಾರದಲ್ಲಿ ಸಾಮಾನ್ಯವಾಗಿ ಇದರ ಅಗತ್ಯ ಬೀಳುವುದಿಲ್ಲ. ಅವನು ಕೇಳಿದರೆ, ಆ ಖರ್ಚು ಅವನದೇ ಅಂತ ಮೊದಲೇ ಹೇಳಿ.

ಹಾಗಾದರೆ ಕೊಳ್ಳುವ ನನಗೆ ಏನು ರಕ್ಷಣೆ?

ಮೂರು ರೀತಿಯ ರಕ್ಷಣೆ ಇದೆ. ಯಂತ್ರ ಹಡಗು ಹತ್ತಿದೆ ಅಂತ ಹಡಗಿನ ಕಂಪನಿ ಬರೆದುಕೊಡುವ ಬಿಲ್ ಆಫ್ ಲೇಡಿಂಗ್ ಬಾರದೆ ದುಡ್ಡು ಹೋಗುವುದಿಲ್ಲ. ನೀವು ಹೇಳಿದ ದಿನದೊಳಗೆ ಹತ್ತದಿದ್ದರೂ ಹೋಗುವುದಿಲ್ಲ. ನೀವು ಕೇಳಿದ ಪ್ರಮಾಣಪತ್ರಗಳಲ್ಲಿ ಒಂದು ಕಡಿಮೆ ಇದ್ದರೂ ಬ್ಯಾಂಕು ಬೇಡ ಅನ್ನಬಹುದು.

ಇಷ್ಟೇ. ಪೆಟ್ಟಿಗೆಯೊಳಗೆ ಏನಿದೆ ಅಂತ ಬ್ಯಾಂಕು ತೆರೆದು ನೋಡುವುದಿಲ್ಲ. ಯಂತ್ರ ಗಂಟೆಗೆ ಎಷ್ಟು ಕಿಲೋ ಬೀಜ ಆರಿಸುತ್ತದೆ ಅಂತ ಕೇಳುವುದಿಲ್ಲ. ಇದನ್ನು ತಿಳಿಯದೆ "ಎಲ್‌ಸಿ ಮಾಡಿದ್ದೇನೆ, ಬ್ಯಾಂಕು ನೋಡಿಕೊಳ್ಳುತ್ತೆ" ಅಂತ ನೆಮ್ಮದಿಯಾಗಿ ಇರುವವರನ್ನು ಕಂಡರೆ ನನಗೆ ಭಯವಾಗುತ್ತದೆ. ಬ್ಯಾಂಕು ನೋಡುವುದು ನೀವು ಯಾವ ಕಾಗದ ಕೇಳಿದ್ದೀರೋ ಅದನ್ನು ಮಾತ್ರ. ಅಂದರೆ ನಿಮ್ಮ ರಕ್ಷಣೆಯ ಅಳತೆಯನ್ನು ನೀವೇ, ಎಲ್‌ಸಿ ಅರ್ಜಿ ತುಂಬುವ ದಿನ, ತೀರ್ಮಾನ ಮಾಡುತ್ತೀರಿ.

ಇನ್ನೊಂದು ಸೂಕ್ಷ್ಮ ಇದೆ, ತುಂಬಾ ಜನ ಇಲ್ಲಿ ಎಡವುತ್ತಾರೆ. "ಯಂತ್ರ ಹೊಸದಾಗಿರಬೇಕು, ಕ್ಯಾಮೆರಾ ಇಂಥ ಮಾದರಿಯದ್ದೇ ಇರಬೇಕು" ಅಂತ ಎಲ್‌ಸಿಯಲ್ಲಿ ಷರತ್ತು ಬರೆಸುತ್ತಾರೆ. ಆದರೆ ಅದನ್ನು ತೋರಿಸುವ ಕಾಗದ ಯಾವುದು ಅಂತ ಹೇಳುವುದಿಲ್ಲ. ಯುಸಿಪಿ 600ರ 14ನೇ ಕಲಮಿನ ಪ್ರಕಾರ, ಕಾಗದ ಹೆಸರಿಸದ ಷರತ್ತನ್ನು ಬ್ಯಾಂಕು ಇಲ್ಲವೇ ಇಲ್ಲ ಅಂತ ಲೆಕ್ಕ ಹಾಕುತ್ತದೆ. ನೀವು ಬರೆಸಿದ್ದು ಸುಮ್ನೆ ಶಾಯಿ ಖರ್ಚು. ಪ್ರತಿ ಷರತ್ತಿನ ಹಿಂದೆ ಒಂದು ಕಾಗದ ಇರಬೇಕು, ಆ ಕಾಗದಕ್ಕೆ ಯಾರು ಸಹಿ ಹಾಕಬೇಕು ಅಂತಲೂ ಬರೆದಿರಬೇಕು.

ಹಾಗಾದರೆ ಯಾವ ಕಾಗದಗಳನ್ನು ಕೇಳಬೇಕು?

ನಮ್ಮ ಕಲರ್ ಸಾರ್ಟರ್‌ಗೆ ಏನು ಕೇಳಬೇಕು ನೋಡೋಣ. ಎಲ್‌ಸಿಯ ಪ್ರತಿಯಲ್ಲಿ ಇವೆಲ್ಲ 46A ಅನ್ನುವ ಕಾಲಂನಲ್ಲಿ ಬರುತ್ತವೆ.

ಮೊದಲು ಇನ್‌ವಾಯ್ಸ್. ಅದರಲ್ಲಿ ಸರಕಿನ ವಿವರಣೆ ಎಲ್‌ಸಿಯಲ್ಲಿ ಇರುವುದಕ್ಕೆ ಹೊಂದಬೇಕು. ಹಾಗಾಗಿ ವಿವರಣೆ ಚಿಕ್ಕದಾಗಿರಲಿ, ಖಚಿತವಾಗಿರಲಿ. ಮಾದರಿ ಸಂಖ್ಯೆ, ಬೀಜ ಜಾರಿ ಇಳಿಯುವ ಚ್ಯೂಟ್‌ಗಳ ಸಂಖ್ಯೆ, ಎಷ್ಟು ಯಂತ್ರ, ಅವನು ಬೆಲೆ ಹೇಳಿ ಮೊದಲು ಕಳಿಸಿದ ಯಾವ ತಾರೀಖಿನ ಪ್ರೊಫಾರ್ಮಾ ಇನ್‌ವಾಯ್ಸ್ ಪ್ರಕಾರ, ಇಷ್ಟು ಸಾಕು. ಎರಡು ಪುಟದ ತಾಂತ್ರಿಕ ವಿವರ ತುಂಬಿದರೆ ಅವನ ಟೈಪಿಂಗ್‌ನಲ್ಲಿ ತಪ್ಪುಗಳು ಜಾಸ್ತಿ ಆಗಿ ನಿಮ್ಮ ಯಂತ್ರವೇ ತಡ ಆಗುತ್ತದೆ.

ಆಮೇಲೆ ಪ್ಯಾಕಿಂಗ್ ಲಿಸ್ಟ್. ಇದನ್ನು ಹಗುರವಾಗಿ ನೋಡಬೇಡಿ. ಗಾಳಿ ಊದಿ ಕೆಟ್ಟ ಬೀಜ ಹೊರತಳ್ಳುವ ಎಜೆಕ್ಟರ್ ವಾಲ್ವ್‌ಗಳಂಥ ಬಿಡಿಭಾಗಗಳು ಬೆಲೆಯಲ್ಲಿ ಸೇರಿವೆ ಅಂತ ಮಾತಾಗಿದ್ದರೆ, ಅವು ಒಂದೊಂದಾಗಿ ಪ್ಯಾಕಿಂಗ್ ಲಿಸ್ಟಿನಲ್ಲಿ ಕಾಣಬೇಕು ಅಂತ ಬರೆಸಿ. ಇಲ್ಲದಿದ್ದರೆ ಯಂತ್ರ ಬರುತ್ತದೆ, ವಾಲ್ವ್ ಬರುವುದಿಲ್ಲ. ದುಡ್ಡು ಹೋಗಿರುತ್ತದೆ.

ಬಿಲ್ ಆಫ್ ಲೇಡಿಂಗ್ ಎಲ್ಲಕ್ಕಿಂತ ಮುಖ್ಯ. ಮೂರು ಮೂಲ ಪ್ರತಿ ಮಾಡಿದ್ದರೆ ಮೂರೂ ಬೇಕು, "ಶಿಪ್ಡ್ ಆನ್ ಬೋರ್ಡ್" ಅಂತ ತಾರೀಖು ಇರಬೇಕು, ಸರಕು ಹಾಳಾಗಿದೆ ಅನ್ನುವ ಷರಾ ಇರಬಾರದು. ಸಾಮಾನ್ಯವಾಗಿ ಇದನ್ನು ಎಲ್‌ಸಿ ಕೊಟ್ಟ ಬ್ಯಾಂಕಿನ ಆರ್ಡರ್‌ಗೆ ಮಾಡಿಸುತ್ತಾರೆ. ಅಂದರೆ ಬ್ಯಾಂಕು ಹಿಂದೆ ಸಹಿ ಹಾಕಿಕೊಟ್ಟ ಮೇಲೆ ಮಾತ್ರ ಹಡಗಿನ ಕಂಪನಿ ನಿಮಗೆ ಸರಕು ಬಿಡುತ್ತದೆ.

ಸರ್ಟಿಫಿಕೇಟ್ ಆಫ್ ಒರಿಜಿನ್ ಕಸ್ಟಮ್ಸ್‌ಗೆ ಬೇಕಾದೀತು, ಸೇರಿಸಿ. ವಿಮೆ ಎಫ್‌ಒಬಿಯಲ್ಲಿ ನಿಮ್ಮ ಕೆಲಸ, ನಿಮ್ಮ ಬ್ಯಾಂಕು ಪಾಲಿಸಿ ಕೇಳುತ್ತದೆ. ವಿಮೆ, ಹಡಗಿನ ಬಾಡಿಗೆ ಎರಡೂ ಸೇರಿದ ಸಿಐಎಫ್ ದರದಲ್ಲಿ ಕೊಂಡಿದ್ದರೆ ಮಾತ್ರ ಅವನಿಂದ ವಿಮೆ ಕಾಗದ ಕೇಳಬೇಕು. ಯುಸಿಪಿಯಲ್ಲಿ ಅದಕ್ಕೆ ಕನಿಷ್ಠ ಸಿಐಎಫ್ ಬೆಲೆಯ 110 ಪರ್ಸೆಂಟ್ ಅಂತ ಇದೆ. ಎಕ್ಸ್-ವರ್ಕ್ಸ್, ಅಂದರೆ ಕಾರ್ಖಾನೆಯ ಬಾಗಿಲಲ್ಲೇ ಸರಕು ಕೊಡುವ ದರದಲ್ಲಿ ಎಲ್‌ಸಿ ಮಾಡಬೇಡಿ. ಅಲ್ಲಿ ಹಡಗಿಗೆ ಏರಿಸುವ ಹೊಣೆ ಅವನದಲ್ಲ, ಅವನ ಕೈಯಿಂದ ಬಿಲ್ ಆಫ್ ಲೇಡಿಂಗ್ ಕೇಳುವುದು ಹೊಂದುವುದಿಲ್ಲ.

ಕೊನೆಗೆ ನಿಜವಾದ ಕಾವಲು: ಹಡಗು ಹತ್ತುವ ಮೊದಲಿನ ಇನ್‌ಸ್ಪೆಕ್ಷನ್ ಸರ್ಟಿಫಿಕೇಟ್. ಇದನ್ನು ಮಾರುವವನೇ ಕೊಟ್ಟರೆ ಬೆಲೆಯಿಲ್ಲ. ಎಸ್‌ಜಿಎಸ್, ಬ್ಯೂರೋ ವೆರಿಟಾಸ್, ಇಂಟರ್‌ಟೆಕ್ ಥರದ ಮೂರನೆಯ ಸಂಸ್ಥೆ ಕೊಡಬೇಕು, ಹೆಸರನ್ನು ಎಲ್‌ಸಿಯಲ್ಲೇ ಬರೆಸಬೇಕು. ಏನು ನೋಡಿದ್ದೇವೆ ಅಂತ ಅವರು ಬರೆಯಬೇಕು ಅನ್ನುವುದನ್ನೂ ಬರೆಸಿ: ಮಾದರಿ ಮತ್ತು ಸೀರಿಯಲ್ ನಂಬರ್, ಯಂತ್ರ ಹೊಸದು, 50 ಹರ್ಟ್ಜ್ ವಿದ್ಯುತ್ತಿಗೆ ಹೊಂದುತ್ತದೆ, ಬೀಜ ಹಾಕಿ ಓಡಿಸಿ ನೋಡಿದೆ, ಗಂಟೆಗೆ ಇಷ್ಟು ಕಿಲೋ ಸಾಗಿತು. ಪರೀಕ್ಷೆಗೆ ನಿಮ್ಮದೇ ಒಂದಿಷ್ಟು ಕಾಫಿ ಬೀಜವನ್ನು ಮೊದಲೇ ಕಳಿಸಿದರೆ ಇನ್ನೂ ಒಳ್ಳೆಯದು. ಗೋಧಿಯನ್ನು ಚೆನ್ನಾಗಿ ಆರಿಸುವ ಯಂತ್ರ ರೋಬಸ್ಟಾ ಚೆರ್ರಿ ಬೀಜವನ್ನೂ ಹಾಗೇ ಆರಿಸುತ್ತದೆ ಅಂತ ಏನೂ ಇಲ್ಲ. ಇನ್‌ಸ್ಪೆಕ್ಷನ್‌ಗೆ ಕೆಲವು ನೂರು ಡಾಲರ್ ಆಗುತ್ತದೆ. 27 ಲಕ್ಷಕ್ಕೆ ಇದನ್ನು ಉಳಿಸಲು ಹೋಗಬೇಡಿ.

ಯಂತ್ರದ ಬದಲು ಗುಜರಿ ಕಳಿಸಿದರೆ? ಬ್ಯಾಂಕಿಗೆ ಹೇಳಿ ದುಡ್ಡು ತಡೆಯಬಹುದಲ್ವಾ?

ಬಹಳ ಕಷ್ಟ. ಸರಕು ಕೆಟ್ಟದ್ದು ಅನ್ನುವುದು ನಿಮ್ಮ ಮತ್ತು ಮಾರುವವನ ನಡುವಿನ ಜಗಳ. ಬ್ಯಾಂಕಿನ ಮಾತು ಅದಕ್ಕಿಂತ ಬೇರೆ. ಸ್ಪಷ್ಟವಾದ ಮೋಸ ಇದ್ದಾಗ ಮಾತ್ರ ಕೋರ್ಟು ಕೈ ಹಾಕುತ್ತದೆ. ಈ ವಿನಾಯಿತಿಗೆ ಎಲ್ಲರೂ ನೆನೆಯುವುದು 1941ರ ನ್ಯೂಯಾರ್ಕಿನ ಸ್ಟೆಯ್ನ್ ಕೇಸು. ಮಾರಿದವರು ಭಾರತದ ಒಂದು ಕಂಪನಿ. ಹಂದಿ ಕೂದಲು ಅಂತ ಹೇಳಿ 50 ಪೆಟ್ಟಿಗೆಯಲ್ಲಿ ಹಸುವಿನ ಕೂದಲು ಮತ್ತು ಕಸ ತುಂಬಿದ್ದರು ಅನ್ನುವುದು ದೂರು. ಅದು ನಿಜವಾದರೆ, ಕಾಗದ ಸರಿ ಕಂಡರೂ ದುಡ್ಡು ತಡೆಯಬಹುದು ಅಂದಿತು ಕೋರ್ಟು. ಆದರೆ ಅಲ್ಲಿ ಬ್ಯಾಂಕು ಇನ್ನೂ ದುಡ್ಡು ಕೊಟ್ಟಿರಲಿಲ್ಲ, ಅದು ನೆನಪಿರಲಿ.

ನಮ್ಮ ಸುಪ್ರೀಂ ಕೋರ್ಟು 1981ರಲ್ಲಿ ಯುನೈಟೆಡ್ ಕಮರ್ಷಿಯಲ್ ಬ್ಯಾಂಕ್ ಮತ್ತು ಬ್ಯಾಂಕ್ ಆಫ್ ಇಂಡಿಯಾ ನಡುವಿನ ಸಾಸಿವೆ ಎಣ್ಣೆ ಪ್ರಕರಣದಲ್ಲಿ, ಎಲ್‌ಸಿ ವಿಷಯದಲ್ಲಿ ಕೋರ್ಟುಗಳು ಸುಲಭಕ್ಕೆ ತಡೆಯಾಜ್ಞೆ ಕೊಡಬಾರದು ಅಂತ ಗಟ್ಟಿಯಾಗಿ ಹೇಳಿದೆ. ಆದ್ದರಿಂದ ಕೋರ್ಟನ್ನು ನಂಬಿಕೊಂಡು ಎಲ್‌ಸಿ ಮಾಡಬೇಡಿ. ಯಂತ್ರ ಸೀಲ್ ಆಗುವ ಮೊದಲು ಹೆಫೆಯ್‌ನಲ್ಲಿ ನಿಂತು ನೋಡುವ ಒಬ್ಬ ಇನ್‌ಸ್ಪೆಕ್ಟರ್ ಹತ್ತು ವಕೀಲರಿಗಿಂತ ಮೇಲು.

10 ಪರ್ಸೆಂಟ್ ಹಿಡಿದಿಟ್ಟು, ಯಂತ್ರ ಇಲ್ಲಿ ಓಡಿದ ಮೇಲೆ ಕೊಡಬಹುದಾ?

ಕೊಡಬಹುದು. ಎಲ್‌ಸಿಯಲ್ಲೇ 90 ಪರ್ಸೆಂಟ್ ಹಡಗಿನ ಕಾಗದಕ್ಕೆ, 10 ಪರ್ಸೆಂಟ್ "ಯಂತ್ರ ಅಳವಡಿಸಿ ಓಡಿಸಲಾಗಿದೆ" ಅನ್ನುವ ಸರ್ಟಿಫಿಕೇಟಿಗೆ ಅಂತ ಬರೆಸುತ್ತಾರೆ. ತೊಂದರೆ ಏನೆಂದರೆ ಆ ಸರ್ಟಿಫಿಕೇಟಿಗೆ ಸಹಿ ಹಾಕುವವರು ನೀವೇ. ನೀವು ಸಹಿ ಹಾಕದಿದ್ದರೆ ಅವನಿಗೆ ದುಡ್ಡಿಲ್ಲ. ಇಂಥ ಷರತ್ತನ್ನು ಚೀನಾದ ಮಾರಾಟಗಾರರು ಚೆನ್ನಾಗಿ ಬಲ್ಲರು, ಬಹಳ ಜನ ಒಪ್ಪುವುದಿಲ್ಲ. ನ್ಯಾಯವಾಗಿ ನೋಡಿದರೆ ಅವರ ಭಯದಲ್ಲೂ ಅರ್ಥವಿದೆ.

ನಡುವಿನ ದಾರಿ ಒಂದಿದೆ. ನಿಮ್ಮ ಸರ್ಟಿಫಿಕೇಟ್ ಬಾರದಿದ್ದರೂ ಹಡಗು ಹತ್ತಿದ 120 ದಿನಕ್ಕೆ ಉಳಿದ ಹಣ ತಾನಾಗಿ ಕೊಡತಕ್ಕದ್ದು ಅಂತ ಬರೆಸಬಹುದು. ಆಗ ಅವನಿಗೆ ದುಡ್ಡು ಮುಳುಗುವ ಭಯವಿಲ್ಲ, ಹಡಗಿನ ಪ್ರಯಾಣ ಕಳೆದರೂ ನಿಮಗೆ ತಂತ್ರಜ್ಞನನ್ನು ಕರೆಸಿಕೊಳ್ಳಲು ಸುಮಾರು ಮೂರು ತಿಂಗಳು ಸಿಗುತ್ತದೆ. ಆದರೆ ಎಲ್‌ಸಿಯ ಅವಧಿ ಉದ್ದ ಆಗುತ್ತದೆ, ಕಮಿಷನ್ನೂ ಅಷ್ಟೇ ಜಾಸ್ತಿ.

ತಾರೀಖುಗಳನ್ನು ಹೇಗೆ ಇಡಬೇಕು?

ಮೂರು ತಾರೀಖು ಇರುತ್ತವೆ: ಹಡಗು ಹತ್ತಲು ಕೊನೆಯ ದಿನ, ಹತ್ತಿದ ಮೇಲೆ ಎಷ್ಟು ದಿನದಲ್ಲಿ ಕಾಗದ ಒಪ್ಪಿಸಬೇಕು, ಎಲ್‌ಸಿ ಮುಗಿಯುವ ದಿನ. ಕಾಗದ ಒಪ್ಪಿಸುವ ದಿನ ಹೇಳದಿದ್ದರೆ ಯುಸಿಪಿ 21 ದಿನ ಅನ್ನುತ್ತದೆ.

ನಮ್ಮ ಕಡೆ ಅರೇಬಿಕಾ ಕೊಯ್ಲು ನವೆಂಬರ್ ಹೊತ್ತಿಗೆ ಶುರು. ಡಿಸೆಂಬರ್ ಹೊತ್ತಿಗೆ ಯಂತ್ರ ಶೆಡ್ಡಿನಲ್ಲಿ ಕೂತಿರಬೇಕು. ಹಿಂದಿನಿಂದ ಎಣಿಸಿ. ಚೀನಾದಲ್ಲಿ ಅಕ್ಟೋಬರ್ 1ರಿಂದ ಒಂದು ವಾರ ರಾಷ್ಟ್ರೀಯ ರಜೆ, ಕಾರ್ಖಾನೆ, ಕಚೇರಿ ಮುಚ್ಚಿರುತ್ತವೆ. ಅದಕ್ಕೆ ಕೊನೆಯ ಶಿಪ್‌ಮೆಂಟ್ ದಿನ ಸೆಪ್ಟೆಂಬರ್ 25 ಅಂತ ಇಡೋಣ. 21 ದಿನ ಸೇರಿಸಿದರೆ ಎಲ್‌ಸಿ ಮುಗಿಯುವುದು ಅಕ್ಟೋಬರ್ 16. ಎಲ್‌ಸಿ ಹೊರಡುವುದು ಆಗಸ್ಟ್ 5. ಆಗ ಅವನಿಗೆ ಯಂತ್ರ ಕಟ್ಟಲು ಏಳು ವಾರ ಸಿಗುತ್ತದೆ.

ಎಲ್‌ಸಿ ಎಲ್ಲಿ ಮುಗಿಯುತ್ತದೆ ಅನ್ನುವುದನ್ನೂ 31D ಕಾಲಂನಲ್ಲಿ ನೋಡಿ. ಚೀನಾ ಅಂತಿದ್ದರೆ ಅವನು ಅಲ್ಲಿಯ ಬ್ಯಾಂಕಿಗೆ ಆ ದಿನದೊಳಗೆ ಕೊಟ್ಟರೆ ಸಾಕು. ಭಾರತ ಅಂತಿದ್ದರೆ ಕಾಗದ ನಿಮ್ಮ ಬ್ಯಾಂಕನ್ನೇ ಅಷ್ಟರೊಳಗೆ ಮುಟ್ಟಬೇಕು. ಅವನು ಚೀನಾ ಅಂತಲೇ ಕೇಳುತ್ತಾನೆ, ಅದು ಸಹಜ.

ಬಂದರಿನ ವಿಷಯ ಒಂದು ಮಾತು. ಮಂಗಳೂರು ಹಾಸನಕ್ಕೆ ಹತ್ತಿರ, ಆದರೆ ಶಾಂಘೈಯಿಂದ ಅಲ್ಲಿಗೆ ಸರಕು ಹೆಚ್ಚಾಗಿ ಕೊಲಂಬೊದಂಥ ಬಂದರಿನಲ್ಲಿ ಹಡಗು ಬದಲಿಸಿ ಬರುತ್ತದೆ. ಮಳೆಗಾಲದಲ್ಲಿ ಶಿರಾಡಿ ಘಾಟಿಯ ಸ್ಥಿತಿಯೂ ನಿಮಗೆ ಗೊತ್ತು. ಸರಕು ಸಾಗಿಸಿಕೊಡುವ ಫಾರ್ವರ್ಡರ್ ಹತ್ತಿರ ಹಡಗಿನ ದಿನಗಳನ್ನು ಕೇಳಿಯೇ ಮಂಗಳೂರೋ ಚೆನ್ನೈಯೋ ಅಂತ ಬರೆಸಿ. ಆಮೇಲೆ ಬಂದರು ಬದಲಿಸಿದರೆ ಅದಕ್ಕೂ ತಿದ್ದುಪಡಿ ಶುಲ್ಕ.

ನಮ್ಮ ಊರಿನ ಶಾಖೆಯಲ್ಲೇ ಆಗುತ್ತಾ? ಏನು ಕೇಳುತ್ತಾರೆ?

ಅರ್ಜಿ ನಿಮ್ಮ ಶಾಖೆಯಲ್ಲಿ ಕೊಡಬಹುದು. ಆದರೆ ಎಲ್ಲ ಶಾಖೆಯೂ ವಿದೇಶಿ ವಿನಿಮಯದ ಕೆಲಸ ಮಾಡುವುದಿಲ್ಲ. ಕಾಗದಗಳು ಬೆಂಗಳೂರಿನಲ್ಲೋ ಬೇರೆಲ್ಲೋ ಇರುವ ಫಾರೆಕ್ಸ್ ವಿಭಾಗಕ್ಕೆ ಹೋಗಿ ಬರುತ್ತವೆ. ಮೊದಲ ಎಲ್‌ಸಿಗೆ ಒಂದೆರಡು ವಾರ ಹೆಚ್ಚೇ ಇಟ್ಟುಕೊಳ್ಳಿ. ಸಹಕಾರಿ ಬ್ಯಾಂಕಿನಲ್ಲಿ ಮಾತ್ರ ಖಾತೆ ಇದ್ದರೆ, ಅದಕ್ಕೆ ವಿದೇಶಿ ವ್ಯವಹಾರದ ಆಥರೈಸ್ಡ್ ಡೀಲರ್ ಅನುಮತಿ ಇದೆಯಾ ಅಂತ ಮೊದಲು ಕೇಳಿ.

ಐಇಸಿ ಅಂದರೆ ಆಮದು ರಫ್ತು ಕೋಡ್ ಬೇಕೇ ಬೇಕು. ಕೇಂದ್ರ ಸರ್ಕಾರದ ವಿದೇಶ ವ್ಯಾಪಾರ ನಿರ್ದೇಶನಾಲಯ ಡಿಜಿಎಫ್‌ಟಿಯ ವೆಬ್‌ಸೈಟಿನಲ್ಲಿ 500 ರೂಪಾಯಿ ಕಟ್ಟಿ ಪಡೆಯಬಹುದು. ಈಗ ನಿಮ್ಮ ಪ್ಯಾನ್ ನಂಬರೇ ಐಇಸಿ ನಂಬರು. ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಅದನ್ನು ನವೀಕರಿಸದಿದ್ದರೆ ಅದು ನಿಂತುಹೋಗುತ್ತದೆ. ಜುಲೈನಲ್ಲಿ ಎಲ್‌ಸಿ ಕೇಳಲು ಹೋದಾಗ ಗೊತ್ತಾದರೆ ಕಿರಿಕಿರಿ.

ಇನ್ನು ಮಾರ್ಜಿನ್. ಬ್ಯಾಂಕು ನಿಮ್ಮ ಪರವಾಗಿ ಮಾತು ಕೊಡುತ್ತಿದೆ, ಹಾಗಾಗಿ ಅದಕ್ಕೆ ಭದ್ರತೆ ಬೇಕು. ಈಗಾಗಲೇ ಓಡಿ ಖಾತೆ ಅಥವಾ ಸಾಲದ ಮಿತಿ ಇರುವವರಿಗೆ ಎಲ್‌ಸಿ ಮಿತಿ ಬೇರೆ ಮಾಡಿಕೊಟ್ಟು 10ರಿಂದ 25 ಪರ್ಸೆಂಟ್ ಎಫ್‌ಡಿ ಕೇಳುವುದು ರೂಢಿ. ಹೊಸಬರಿಗೆ ಪೂರ್ತಿ 100 ಪರ್ಸೆಂಟ್ ಎಫ್‌ಡಿ ಕೇಳುತ್ತಾರೆ, ಡಾಲರ್ ಏರಿದರೆ ಅಂತ ಇನ್ನೊಂದಿಷ್ಟು ಸೇರಿಸಿ. ಇದು ಖರ್ಚಲ್ಲ, ಬಡ್ಡಿ ಬರುತ್ತದೆ. ಆದರೆ ಎಲ್‌ಸಿ ಮುಗಿಯುವವರೆಗೆ ದುಡ್ಡು ಕಟ್ಟಿಹಾಕಿದಂತೆ. ಕಾಫಿ ಕೊಳ್ಳುವ ಕಾಲಕ್ಕೆ ಅದೇ ದುಡ್ಡು ಬೇಕಾಗುತ್ತದೆ ಅನ್ನುವುದನ್ನು ಲೆಕ್ಕದಲ್ಲಿಡಿ.

ಒಟ್ಟು ಖರ್ಚು ಎಷ್ಟಾಗುತ್ತದೆ?

ಬ್ಯಾಂಕಿನಿಂದ ಬ್ಯಾಂಕಿಗೆ ದರ ಬೇರೆ. ಶುಲ್ಕದ ಪಟ್ಟಿ ಅವರ ವೆಬ್‌ಸೈಟಿನಲ್ಲಿ ಇರುತ್ತದೆ. ಕೆಳಗಿನ ದರಗಳು ನಡುಮಟ್ಟದವು, ನಮ್ಮ ಉದಾಹರಣೆಗೆ ಇಟ್ಟುಕೊಂಡವು.

ದೊಡ್ಡದು ಎಲ್‌ಸಿ ತೆರೆಯುವ ಕಮಿಷನ್. ಇದನ್ನು ಮೂರು ತಿಂಗಳಿಗೆ ಇಷ್ಟು ಅಂತ ಹಾಕುತ್ತಾರೆ. 0.40 ಪರ್ಸೆಂಟ್ ಅಂದರೆ 27 ಲಕ್ಷಕ್ಕೆ 10,800 ರೂಪಾಯಿ. ಬ್ಯಾಂಕಿನಿಂದ ಬ್ಯಾಂಕಿಗೆ ಹೋಗುವ ಸ್ವಿಫ್ಟ್ ಸಂದೇಶಕ್ಕೆ 1,500. ನಡುವೆ ಒಂದು ತಿದ್ದುಪಡಿ ಬೇಕಾಯಿತು ಅಂದುಕೊಳ್ಳಿ, ಸ್ವಿಫ್ಟ್ ಸೇರಿ 2,250. ಕಾಗದ ಬಂದಾಗ ಬಿಲ್ ನೋಡಿ ದುಡ್ಡು ಕೊಡುವ ಶುಲ್ಕ 0.125 ಪರ್ಸೆಂಟ್, 3,375. ದುಡ್ಡು ಕಳಿಸುವ ಸಂದೇಶಕ್ಕೆ 750. ಕೂಡಿದರೆ 18,675. ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಸುಮಾರು 3,360.

ರೂಪಾಯಿಯನ್ನು ಡಾಲರ್ ಮಾಡುವುದಕ್ಕೂ ಬೇರೆ ಜಿಎಸ್‌ಟಿ ಇದೆ. 10 ಲಕ್ಷ ದಾಟಿದ ಮೊತ್ತಕ್ಕೆ 5,500 ರೂಪಾಯಿ, ಜೊತೆಗೆ 10 ಲಕ್ಷದ ಮೇಲಿನದರ 0.1 ಪರ್ಸೆಂಟ್ ಸೇರಿಸಿ ಅದನ್ನು ಸೇವೆಯ ಮೌಲ್ಯ ಅಂತ ಹಿಡಿಯುತ್ತಾರೆ. ನಮಗೆ 7,200. ಅದರ 18 ಪರ್ಸೆಂಟ್ ಅಂದರೆ 1,296. ಇಲ್ಲಿಯವರೆಗೆ ಸುಮಾರು 23,300. ನೀವು ಜಿಎಸ್‌ಟಿ ನೋಂದಾಯಿತರಾಗಿದ್ದರೆ ಈ ತೆರಿಗೆಯ ಇನ್‌ಪುಟ್ ಕ್ರೆಡಿಟ್ ಸಿಗುತ್ತದಾ ಅಂತ ನಿಮ್ಮ ಲೆಕ್ಕಿಗರನ್ನು ಕೇಳಿ.

ಪಟ್ಟಿಯಲ್ಲಿ ಕಾಣದ ಖರ್ಚು ಒಂದಿದೆ, ಡಾಲರ್ ದರದಲ್ಲಿ ಬ್ಯಾಂಕು ಇಟ್ಟುಕೊಳ್ಳುವ ಲಾಭ. ಮಾರುಕಟ್ಟೆಯ ದರಕ್ಕಿಂತ 30 ಪೈಸೆ ಜಾಸ್ತಿ ಹಾಕಿದರೆ 30,000 ಡಾಲರ್‌ಗೆ 9,000 ರೂಪಾಯಿ. 50 ಪೈಸೆ ಹಾಕಿದರೆ 15,000, ಅಂದರೆ ಎಲ್‌ಸಿ ತೆರೆಯುವ ಕಮಿಷನ್‌ಗಿಂತಲೂ ಜಾಸ್ತಿ! ಆದರೂ ಕಮಿಷನ್‌ಗೆ ಚೌಕಾಸಿ ಮಾಡುವವರು ಇದನ್ನು ಕೇಳುವುದೇ ಇಲ್ಲ. ದುಡ್ಡು ಹೋಗುವ ದಿನ ಬೆಳಗ್ಗೆ ಫೋನ್ ಮಾಡಿ, "ಇಂಟರ್‌ಬ್ಯಾಂಕ್ ದರ ಎಷ್ಟು, ನಮಗೆ ಎಷ್ಟು ಹಾಕುತ್ತೀರಿ" ಅಂತ ಕೇಳಿ. ಕೇಳಿದವರಿಗೆ ಕೆಲವೊಮ್ಮೆ ಕಡಿಮೆ ಮಾಡುತ್ತಾರೆ.

30 ಪೈಸೆ ಲೆಕ್ಕದಲ್ಲಿ ಒಟ್ಟು ಸುಮಾರು 32,300. ಯಂತ್ರದ ಬೆಲೆಯ 1.2 ಪರ್ಸೆಂಟ್.

ತಿದ್ದುಪಡಿ ಮಾಡಿದರೆ ಕಮಿಷನ್ ಮತ್ತೆ ಬೀಳುತ್ತಾ?

ಅವಧಿ ನೋಡಿ. ಅವನು ಎರಡು ವಾರ ಹೆಚ್ಚಿಗೆ ಕೇಳಿದ ಅಂದುಕೊಳ್ಳಿ. ಶಿಪ್‌ಮೆಂಟ್ ಅಕ್ಟೋಬರ್ 10ಕ್ಕೆ, ಎಲ್‌ಸಿ ಅಕ್ಟೋಬರ್ 31ಕ್ಕೆ ಹೋಯಿತು. ಆಗಸ್ಟ್ 5ರಿಂದ ಲೆಕ್ಕ ಹಾಕಿದರೆ ಇನ್ನೂ ಮೂರು ತಿಂಗಳ ಒಳಗೇ ಇದೆ, ತಿದ್ದುಪಡಿ ಶುಲ್ಕ ಮಾತ್ರ. ನವೆಂಬರ್ ನಡುವಿಗೆ ಹೋದರೆ ಎರಡನೆಯ ಮೂರು ತಿಂಗಳು ಶುರು, ಮತ್ತೆ ಕಮಿಷನ್. ತಡ ಅವನ ಕಡೆಯಿಂದ ಆದರೆ ಆ ಖರ್ಚು ಅವನದು ಅಂತ ತಿದ್ದುಪಡಿಯಲ್ಲೇ ಬರೆಸಬಹುದು.

ಅವನ ಬ್ಯಾಂಕಿನ ಶುಲ್ಕ ಯಾರು ಕೊಡಬೇಕು?

ಭಾರತದ ಹೊರಗಿನ ಶುಲ್ಕಗಳೆಲ್ಲ ಮಾರುವವನದು ಅಂತ 71D ಕಾಲಂನಲ್ಲಿ ಬರೆಸುವುದು ರೂಢಿ. ಬರೆಸಿ. ಆದರೂ ಒಂದು ತಿಳಿದಿರಲಿ. ಅವನಿಂದ ವಸೂಲಿ ಆಗದಿದ್ದರೆ ಯುಸಿಪಿ ಪ್ರಕಾರ ಕೊನೆಗೆ ಹೊಣೆ ನಿಮ್ಮ ಕಡೆಗೇ ಬರುತ್ತದೆ.

ಕಾಗದದಲ್ಲಿ ತಪ್ಪಿದೆ ಅಂತ ಬ್ಯಾಂಕು ಫೋನ್ ಮಾಡಿತು. ಏನು ಮಾಡಲಿ?

ಇದಕ್ಕೆ ಡಿಸ್ಕ್ರೆಪೆನ್ಸಿ ಅನ್ನುತ್ತಾರೆ. ಇಲ್ಲಿ ಸಮಯವೇ ಎಲ್ಲ. ಕಾಗದ ಬ್ಯಾಂಕಿಗೆ ತಲುಪಿದ ಮರುದಿನದಿಂದ ಐದು ಬ್ಯಾಂಕ್ ಕೆಲಸದ ದಿನದೊಳಗೆ, ತಪ್ಪುಗಳನ್ನೆಲ್ಲ ಹೆಸರಿಸಿ ಒಂದೇ ಸಲ ಬೇಡ ಅಂತ ಹೇಳಬೇಕು. ಗಡುವು ಮೀರಿದರೆ ತಪ್ಪಿದ್ದರೂ ಬ್ಯಾಂಕು ದುಡ್ಡು ಕೊಡಬೇಕಾಗುತ್ತದೆ. ನಿಮ್ಮ ಒಪ್ಪಿಗೆಗೆ ಕಾಯುತ್ತಿದ್ದೇವೆ ಅನ್ನುವುದು ಗಡುವನ್ನು ಮುಂದೆ ತಳ್ಳುವುದಿಲ್ಲ. ಹಾಗಾಗಿ ಫೋನ್ ಬಂದರೆ ಅವತ್ತೇ ಹೋಗಿ.

ತಪ್ಪು ಯಾವುದು ನೋಡಿ. ಪ್ಯಾಕಿಂಗ್ ಲಿಸ್ಟಿನ ಒಂದು ಪ್ರತಿ ಕಡಿಮೆ ಇದೆ ಅಂದರೆ ಅದು ಯಂತ್ರವನ್ನು ಮುಟ್ಟುವ ವಿಷಯ ಅಲ್ಲ, ಒಪ್ಪಿಬಿಡಿ. ಹಡಗು ಎಂಟು ದಿನ ತಡವಾಗಿ ಹತ್ತಿದೆ ಅಂದರೆ, ಕೊಯ್ಲಿನ ಹೊತ್ತಿಗೆ ಬರುತ್ತದಾ ಅಂತ ಯೋಚಿಸಿ, ಬೇಕಾದರೆ ಬೆಲೆ ಕಡಿಮೆ ಮಾಡಲು ಕೇಳಿ. ಆದರೆ ಇನ್‌ಸ್ಪೆಕ್ಷನ್ ಸರ್ಟಿಫಿಕೇಟ್ ಇಲ್ಲ, ಅಥವಾ ಅದರಲ್ಲಿ "ಓಡಿಸಿ ನೋಡಿಲ್ಲ" ಅಂತಿದೆ ಅಂದರೆ ಒಪ್ಪಬೇಡಿ. "ಯಂತ್ರ ಹಡಗಲ್ಲಿದೆ ಸರ್, ದಯವಿಟ್ಟು ಬಿಡಿ" ಅಂತ ಮೇಲ್ ಮೇಲೆ ಮೇಲ್ ಬರುತ್ತದೆ. ನೀವು ಒಮ್ಮೆ ಒಪ್ಪಿಗೆ ಬರೆದುಕೊಟ್ಟರೆ ಎಲ್‌ಸಿ ಕೊಟ್ಟ ರಕ್ಷಣೆಯನ್ನು ನೀವೇ ಬಿಟ್ಟುಕೊಟ್ಟಂತೆ. ಬಿಟ್ಟುಕೊಟ್ಟ ಮೇಲೆ ವಾಪಸ್ ಪಡೆಯಲು ದಾರಿಯಿಲ್ಲ.

ತಪ್ಪಿರುವ ಕಾಗದಕ್ಕೆ ಬ್ಯಾಂಕು 50ರಿಂದ 100 ಡಾಲರ್ ಶುಲ್ಕವನ್ನು ಮಾರುವವನ ಹಣದಿಂದಲೇ ಮುರಿದುಕೊಳ್ಳುವುದು ಸಾಮಾನ್ಯ.

ಕಾಗದಕ್ಕಿಂತ ಮೊದಲು ಹಡಗು ಬಂದರೆ?

ಶಾಂಘೈಯಿಂದ ಚೆನ್ನೈಗೆ ಸಾಮಾನ್ಯವಾಗಿ ಎರಡು ಮೂರು ವಾರ. ಅವನು ಕಾಗದವನ್ನು 21ನೇ ದಿನ ಒಪ್ಪಿಸಿದರೆ ಕಂಟೇನರ್ ಬಂದರಿನಲ್ಲಿ ಕಾಯುತ್ತಾ ಕೂರುತ್ತದೆ, ದಿನದಿನಕ್ಕೆ ಬಾಡಿಗೆ ಏರುತ್ತದೆ. ಅದಕ್ಕೆ 48 ಕಾಲಂನಲ್ಲಿ 21ರ ಬದಲು 10 ದಿನ ಅಂತ ಬರೆಸಿದರೆ ಅರ್ಧ ಚಿಂತೆ ಹೋಗುತ್ತದೆ.

ಬ್ಯಾಂಕಿನಿಂದ ಶಿಪ್ಪಿಂಗ್ ಗ್ಯಾರಂಟಿ ತೆಗೆದುಕೊಂಡು ಮೂಲ ಬಿಲ್ ಆಫ್ ಲೇಡಿಂಗ್ ಇಲ್ಲದೆಯೇ ಸರಕು ಬಿಡಿಸಬಹುದು. ಆದರೆ ಆಗ, ಮುಂದೆ ಬರುವ ಕಾಗದದಲ್ಲಿ ಏನೇ ತಪ್ಪಿದ್ದರೂ ಒಪ್ಪುತ್ತೇನೆ ಅಂತ ಬ್ಯಾಂಕು ಬರೆಸಿಕೊಳ್ಳುತ್ತದೆ. ಪರಿಚಯದ ಮಾರಾಟಗಾರ ಆದರೆ ಸರಿ. ಮೊದಲ ವ್ಯಾಪಾರದಲ್ಲಿ ಬೇಡ.

ಸೈಟ್ ಎಲ್‌ಸಿ, ಯೂಸನ್ಸ್ ಎಲ್‌ಸಿ ಅಂದರೆ?

ಸೈಟ್ ಅಂದರೆ ಕಾಗದ ಸರಿ ಇದ್ದ ಕೂಡಲೇ ದುಡ್ಡು. ಯೂಸನ್ಸ್ ಅಂದರೆ 60, 90 ದಿನದ ಸಾಲ. ಯೂಸನ್ಸ್‌ನಲ್ಲಿ ಬ್ಯಾಂಕಿನ ಹೊಣೆ ಉದ್ದ ಆಗುವುದರಿಂದ ಕಮಿಷನ್ ಜಾಸ್ತಿ, ಮಾರುವವನೂ ಬಡ್ಡಿಯನ್ನು ಬೆಲೆಯಲ್ಲೇ ಸೇರಿಸಿರುತ್ತಾನೆ. ಬೆಲೆ ಎರಡೂ ರೀತಿಯಲ್ಲಿ ಕೇಳಿ ಹೋಲಿಸಿ. ಯಂತ್ರ ಬಂದು ಓಡಿಸಿ ನೋಡಿದ ಮೇಲೆ ದುಡ್ಡು ಹೋಗುತ್ತದೆ ಅನ್ನುವುದು ಸಮಾಧಾನವೇ, ಆದರೆ ಕಾಗದ ಒಪ್ಪಿದ ಮೇಲೆ ಯಂತ್ರ ಕೆಟ್ಟಿದೆ ಅಂತ ದುಡ್ಡು ನಿಲ್ಲಿಸಲು ಯೂಸನ್ಸ್‌ನಲ್ಲೂ ಆಗುವುದಿಲ್ಲ.

ದುಡ್ಡು ಹೋಯಿತು, ಯಂತ್ರ ಬಂತು. ಇನ್ನೇನಾದರೂ ಬಾಕಿ ಇದೆಯಾ?

ಇದೆ. ದುಡ್ಡು ಹೋದದ್ದಕ್ಕೆ ಸರಕು ಬಂದಿದೆ ಅಂತ ಬ್ಯಾಂಕಿನ ದಾಖಲೆಯಲ್ಲಿ ಹೊಂದಿಸಬೇಕು. ಸರಕು ಬಿಡಿಸಲು ಕಸ್ಟಮ್ಸ್‌ಗೆ ಹಾಕುವ ಬಿಲ್ ಆಫ್ ಎಂಟ್ರಿ ಆನ್‌ಲೈನ್‌ನಲ್ಲೇ, ಆಮದು ಪಾವತಿಗಳ ಲೆಕ್ಕ ಇಡುವ ರಿಸರ್ವ್ ಬ್ಯಾಂಕಿನ ಐಡಿಪಿಎಂಎಸ್ ವ್ಯವಸ್ಥೆಗೆ ಬರುತ್ತದೆ. ಆದರೆ ಯಾವ ಪಾವತಿಗೆ ಯಾವ ಬಿಲ್ ಅಂತ ಬ್ಯಾಂಕಿಗೆ ನೀವು ಹೇಳಬೇಕು. ಕ್ಲಿಯರಿಂಗ್ ಏಜೆಂಟರು ಬಿಲ್ ಆಫ್ ಎಂಟ್ರಿ ಹಾಕುವಾಗ ನಿಮ್ಮ ಬ್ಯಾಂಕಿನ ಎಡಿ ಕೋಡ್, ಅಂದರೆ ಆಥರೈಸ್ಡ್ ಡೀಲರ್ ಕೋಡನ್ನೇ ಹಾಕಿದ್ದಾರಾ ಅಂತ ಮೊದಲೇ ನೋಡಿ. ಬೇರೆ ಬ್ಯಾಂಕಿನ ಕೋಡ್ ಬಿದ್ದರೆ ದಾಖಲೆ ಅಲ್ಲಿಗೆ ಹೋಗಿ ಕೂರುತ್ತದೆ, ನಿಮ್ಮ ಪಾವತಿ ಬಾಕಿ ಅಂತಲೇ ತೋರಿಸುತ್ತದೆ, ಮುಂದಿನ ಎಲ್‌ಸಿ ಕೇಳಿದಾಗ ಅದು ಅಡ್ಡ ಬರುತ್ತದೆ. ಯಂತ್ರ ಶೆಡ್ಡಿಗೆ ಬಂದ ವಾರವೇ ಬಿಲ್ ಆಫ್ ಎಂಟ್ರಿ ಪ್ರತಿ ಮತ್ತು ಪಾವತಿಯ ರೆಫರೆನ್ಸ್ ನಂಬರ್ ಹಾಕಿ ಬ್ಯಾಂಕಿಗೆ ಒಂದು ಪತ್ರ ಕೊಟ್ಟು, ನಕಲಿನ ಮೇಲೆ ಸೀಲ್ ಹಾಕಿಸಿಕೊಂಡು ಬನ್ನಿ.